ಚಳಿಗಾಲಕ್ಕೆ ಹ್ಯುಮಿಡಿಫೈಯರ್: 55ಕ್ಕೆ ಇಟ್ಟರೂ ಮೂಗು ಒಣಗುತ್ತದೆ, ಕಿಟಕಿ ಮಾತ್ರ ತೊಟ್ಟಿಕ್ಕುತ್ತದೆ

ಕಾವೇರಿತೀರ (ನೇಪರ್‌ವಿಲ್, ಇಲಿನಾಯ್)
ಅಪಾರ್ಟ್‌ಮೆಂಟ್‌ನಲ್ಲಿ ಬಿಸಿಗಾಳಿ ಊದುವ ಗ್ಯಾಸ್ ಫರ್ನೇಸ್ ಇದೆ. ಹೊರಗೆ ಮೈನಸ್ 15 ಡಿಗ್ರಿ, ಒಳಗೆ 21. ಮೂರು ವರ್ಷದ ಮಗುವಿಗೆ ಬೆಳಗಾದರೆ ಮೂಗಲ್ಲಿ ರಕ್ತದ ಚುಕ್ಕೆ, ಮೈ ಕೆರೆತ. ಅದಕ್ಕೇ 4 ಲೀಟರ್ ಟ್ಯಾಂಕಿನ ಅಲ್ಟ್ರಾಸಾನಿಕ್ ಹ್ಯುಮಿಡಿಫೈಯರ್ ತಂದು ಮಗುವಿನ ಕೋಣೆಯಲ್ಲಿಟ್ಟಿದ್ದೇವೆ. ಕೋಣೆ 12 ಅಡಿಗೆ 13 ಅಡಿ. ತೇವಾಂಶವನ್ನು ಶೇಕಡಾ 55ಕ್ಕೆ ಸೆಟ್ ಮಾಡಿದ್ದೇವೆ, ಯಂತ್ರದ ಮೇಲೂ 55 ಎಂದೇ ತೋರಿಸುತ್ತದೆ. ನಲ್ಲಿ ನೀರನ್ನೇ ಹಾಕುತ್ತೇವೆ.

ಈಗ ಮೂರು ಸಮಸ್ಯೆ. ಬೆಳಿಗ್ಗೆ ಕಿಟಕಿ ಗಾಜಿನ ಕೆಳಗೆ ನೀರು ನಿಂತಿರುತ್ತದೆ, ಚೌಕಟ್ಟಿನ ಮೂಲೆಯಲ್ಲಿ ಕಪ್ಪು ಚುಕ್ಕೆ ಶುರುವಾಗಿದೆ. ಕಪ್ಪು ಬಣ್ಣದ ಕಪಾಟಿನ ಮೇಲೆ ಬಿಳಿ ಪುಡಿ ಕೂರುತ್ತದೆ. ಹ್ಯುಮಿಡಿಫೈಯರ್ ಹಚ್ಚಿದ ಅರ್ಧ ಗಂಟೆಯಲ್ಲಿ ಏರ್ ಪ್ಯೂರಿಫೈಯರ್ ಕೆಂಪು ದೀಪ ತೋರಿಸುತ್ತದೆ. ಇಷ್ಟಾದರೂ ಮಗುವಿನ ಮೂಗು ಒಣಗುವುದು ಪೂರ್ತಿ ನಿಂತಿಲ್ಲ. ಎಷ್ಟಕ್ಕೆ ಇಡಬೇಕು? ತೊಳೆಯುವ ಸರಿಯಾದ ಕ್ರಮ ಯಾವುದು?

---

ಧಾರವಾಡದಾಂವ (ಟೊರಾಂಟೊ)
ಅಕ್ಕಾರ, 55 ಸರಿನ ಐತ್ರಿ. 40ರಿಂದ 60ರ ಒಳಗಿದ್ರ ವೈರಸ್ಸು ಭಾಳ ಹೊತ್ತು ಬದುಕೂದಿಲ್ಲ, ಗಂಟಲಿಗೂ ಆರಾಮ. ಕಿಟಕಿ ನೀರು ಅರಿವೀಲೆ ಒರಸ್ರಿ. ಬಿಳಿ ಪುಡಿಗೆ ನೀರು ಕುದಿಸಿ ಆರಿಸಿ ಹಾಕ್ರಿ, ಕ್ರಿಮೀನೂ ಸಾಯ್ತಾವ, ಸುಣ್ಣಾನೂ ಹೋಗ್ತದ. ಇಷ್ಟ ಸಾಕು.

---

ಫರ್ನೇಸ್ ಭಟ್ಟ (ಮಿನಿಯಾಪೊಲಿಸ್)
ಧಾರವಾಡದವರು ಹೇಳಿದ್ದರಲ್ಲಿ ಅರ್ಧ ಸರಿ. ಫ್ಲೂ ವೈರಸ್ ಒಣಗಾಳಿಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ ಎಂಬುದು ನಿಜ. ಆದರೆ ಮೈನಸ್ 15ರಲ್ಲಿ ನಮ್ಮ ಮನೆಗಳ ಕಿಟಕಿ 55ನ್ನು ತಾಳುವುದಿಲ್ಲ. ಇಲ್ಲಿ ಮಿತಿ ಹಾಕುವುದು ನಮ್ಮ ಮೂಗಲ್ಲ, ಕಿಟಕಿಯ ಗಾಜು.

ಕಾರಣ ಹೇಳುತ್ತೇನೆ. 21 ಡಿಗ್ರಿಯ ಕೋಣೆಯಲ್ಲಿ ತೇವಾಂಶ 45 ಇದ್ದರೆ, ಸುಮಾರು ಎಂಟೂವರೆ ಡಿಗ್ರಿಗಿಂತ ತಣ್ಣಗಿರುವ ಯಾವ ಮೇಲ್ಮೈ ಮೇಲಾದರೂ ನೀರು ಕೂರುತ್ತದೆ. 55 ಇದ್ದರೆ ಹನ್ನೊಂದೂವರೆ ಡಿಗ್ರಿಗೇ ಕೂರುತ್ತದೆ. ಅದೇ 30 ಇದ್ದರೆ ಮೇಲ್ಮೈ 3 ಡಿಗ್ರಿಗೆ ಇಳಿಯಬೇಕು. ಸಾಮಾನ್ಯ ಎರಡು ಪದರದ ಕಿಟಕಿಯಲ್ಲಿ ಗಾಜಿನ ನಡುಭಾಗ ಪರವಾಗಿಲ್ಲ, ಕೆಳಗಿನ ಅಂಚು ಬಹಳ ತಣ್ಣಗಿರುತ್ತದೆ. ನಿಮ್ಮಲ್ಲಿ ನೀರು ಕೆಳಗಷ್ಟೇ ನಿಲ್ಲುವುದು, ಕಪ್ಪು ಚುಕ್ಕೆ ಮೂಲೆಯಲ್ಲೇ ಬಂದಿರುವುದು ಅದಕ್ಕೇ. ರಾತ್ರಿ ದಪ್ಪ ಪರದೆ ಎಳೆದರೆ ಗಾಜಿಗೆ ಕೋಣೆಯ ಬಿಸಿ ತಲುಪದೆ ಇನ್ನೂ ತಣ್ಣಗಾಗುತ್ತದೆ. ಪರದೆಯ ಕೆಳಗೆ ಒಂದು ಗೇಣು ಜಾಗ ಬಿಡಿ, ಅಷ್ಟಕ್ಕೇ ವ್ಯತ್ಯಾಸ ಕಾಣುತ್ತದೆ.

ಈ ಕಡೆ ನಾವು ಅನುಸರಿಸುವ ಲೆಕ್ಕ ಹೀಗೆ. ಹೊರಗೆ ಮೈನಸ್ 7ಕ್ಕಿಂತ ಬೆಚ್ಚಗಿದ್ದರೆ 40 ಇರಲಿ. ಮೈನಸ್ 12ರವರೆಗೆ 35. ಮೈನಸ್ 18ರವರೆಗೆ 30. ಮೈನಸ್ 23ರವರೆಗೆ 25, ಅದಕ್ಕೂ ಕೆಳಗೆ ಹೋದರೆ 20. ಇವು 21 ಡಿಗ್ರಿಯ ಒಳಾಂಗಣಕ್ಕೆ, ಎರಡು ಪದರದ ಕಿಟಕಿಗೆ ಗರಿಷ್ಠ ಅಂಕಿಗಳು. ಅಮೆರಿಕದ ಪರಿಸರ ಇಲಾಖೆ ಹೇಳುವ 30ರಿಂದ 50 ವರ್ಷವಿಡೀ ಅನ್ವಯಿಸುವ ಮಾತು, ಮಾಘದ ಚಳಿಗೆ ಅದರ ಕೆಳತುದಿಯನ್ನೇ ಹಿಡಿಯಬೇಕು. ಅಂದರೆ ನಿಮಗೆ ಈಗ 30, ಚಳಿ ಸ್ವಲ್ಪ ಸಡಿಲಾದಾಗ 35.

---

ಕಾವೇರಿತೀರ
30 ತೀರಾ ಕಡಿಮೆಯಲ್ಲವೇ ಸರ್? 55 ಇದ್ದಾಗಲೇ ಮೂಗು ಒಣಗುತ್ತಿದೆಯಲ್ಲ!

---

ಫರ್ನೇಸ್ ಭಟ್ಟ
ನಿಮ್ಮ ಕೋಣೆಯಲ್ಲಿ 55 ಇಲ್ಲವೇ ಇಲ್ಲ ಎಂಬುದು ನನ್ನ ಅನುಮಾನ. ಯಂತ್ರದೊಳಗಿನ ಸೆನ್ಸರ್ ತನ್ನದೇ ಮಂಜಿನ ಪಕ್ಕದಲ್ಲಿ ಕೂತಿರುತ್ತದೆ, ಅದಕ್ಕೆ ಯಾವಾಗಲೂ ಹೆಚ್ಚೇ ಕಾಣುತ್ತದೆ. ತೇವಾಂಶ ಅಳೆಯುವ ಪ್ರತ್ಯೇಕ ಡಿಜಿಟಲ್ ಹೈಗ್ರೋಮೀಟರ್ ಒಂದು ತನ್ನಿ. ಅದನ್ನು ಮಗುವಿನ ಮಂಚದ ಎತ್ತರದಲ್ಲಿ, ಯಂತ್ರದಿಂದ ದೂರದ ಒಳಗೋಡೆಯ ಬಳಿ ಇಡಿ. ಕಿಟಕಿಯ ಪಕ್ಕ ಬೇಡ, ಬಿಸಿಗಾಳಿ ಬರುವ ಜಾಲರಿಯ ಎದುರೂ ಬೇಡ.

ಅಗ್ಗದ ಹೈಗ್ರೋಮೀಟರ್ ಐದು ಅಂಕಿ ಆಚೀಚೆ ತೋರಿಸುವುದು ಸಾಮಾನ್ಯ. ಅದಕ್ಕೊಂದು ಅಡುಗೆಮನೆಯ ಪರೀಕ್ಷೆ ಇದೆ. ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಉಪ್ಪು ಹಾಕಿ, ಹನಿ ಹನಿಯಾಗಿ ನೀರು ಬಿಟ್ಟು ಒದ್ದೆ ಮರಳಿನ ಹದಕ್ಕೆ ತನ್ನಿ. ಉಪ್ಪು ಕರಗಿ ನೀರಾಗಬಾರದು. ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಒಂದಕ್ಕೊಂದು ತಾಗದಂತೆ ಜಿಪ್ ಚೀಲದಲ್ಲಿಟ್ಟು ಬಿಗಿಯಾಗಿ ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 69 ತೋರಿಸಿದರೆ ನಿಮ್ಮ ಉಪಕರಣ ಆರು ಕಡಿಮೆ ಓದುತ್ತಿದೆ ಎಂದು ಹಿಂದೆಯೇ ಚೀಟಿ ಅಂಟಿಸಿಬಿಡಿ.

ಇನ್ನೊಂದು ಪ್ರಶ್ನೆ. ರಾತ್ರಿ ಕೋಣೆಯ ಬಾಗಿಲು ತೆರೆದಿರುತ್ತದೋ, ಮುಚ್ಚಿರುತ್ತದೋ?

---

ಸಂಪಿಗೆ ರಸ್ತೆ (ಬೆಂಗಳೂರು)
ನಮ್ಮ ಮೊಮ್ಮಗನಿಗೂ ಕೆಮ್ಮು, ಡಾಕ್ಟರು ದಿನಕ್ಕೆ ಎರಡು ಸಲ ಕೊಡಲು ಹೇಳಿದ್ದಾರೆ. ಈ ಯಂತ್ರದಲ್ಲಿ ಔಷಧಿ ಎಷ್ಟು ಹಾಕಬೇಕು? ಎರಡು ಹನಿ ನೀಲಗಿರಿ ಎಣ್ಣೆಯನ್ನೂ ಸೇರಿಸಬಹುದೇ?

---

ಬಿಳಿಕೋಟು (ಮೈಸೂರು, ಪ್ರಯೋಗಾಲಯ)
ಅಮ್ಮಾ, ನೀವು ಹೇಳುತ್ತಿರುವುದು ನೆಬ್ಯುಲೈಸರ್ ಇರಬೇಕು. ಅದು ಮುಖಕ್ಕೆ ಮಾಸ್ಕ್ ಹಾಕಿ ಔಷಧಿ ಕೊಡುವ ಯಂತ್ರ, ಅದರ ಪ್ರಮಾಣವನ್ನು ಡಾಕ್ಟರೇ ಬರೆದುಕೊಡಬೇಕು. ಇಲ್ಲಿನ ಮಾತು ಕೋಣೆಯ ಗಾಳಿಗೆ ನೀರು ಸೇರಿಸುವ ಯಂತ್ರದ್ದು. ಇದರಲ್ಲಿ ಔಷಧಿ ಹಾಕುವಂತಿಲ್ಲ. ನೀಲಗಿರಿ ಎಣ್ಣೆ, ಕರ್ಪೂರ ಎರಡೂ ಯಂತ್ರಗಳಲ್ಲಿ ಬೇಡವೇ ಬೇಡ. ಚಿಕ್ಕ ಮಕ್ಕಳ ಉಸಿರಾಟಕ್ಕೆ ಅವು ತೊಂದರೆ, ಎಣ್ಣೆ ಪ್ಲಾಸ್ಟಿಕ್ ಟ್ಯಾಂಕನ್ನೂ ಬಿರುಕು ಬಿಡಿಸುತ್ತದೆ.

---

ಕಾವೇರಿತೀರ
ಬಾಗಿಲು ಅರ್ಧ ತೆರೆದೇ ಇಡುತ್ತೇವೆ, ಮಗು ಅತ್ತರೆ ಕೇಳಬೇಕಲ್ಲ. ಯಂತ್ರದ ಮೇಲೆ ಗಂಟೆಗೆ 300 ಮಿಲೀ ಎಂದು ಬರೆದಿದೆ.

---

ಫರ್ನೇಸ್ ಭಟ್ಟ
ಅಲ್ಲಿಗೆ ಗಂಟು ಬಿಚ್ಚಿತು. ಲೆಕ್ಕ ಹಾಕೋಣ.

ನಿಮ್ಮ ಕೋಣೆಯಲ್ಲಿ ಸುಮಾರು 35 ಘನ ಮೀಟರ್ ಗಾಳಿ ಇದೆ. ಮೈನಸ್ 15ರ ಗಾಳಿ ಒಳಬಂದು 21ಕ್ಕೆ ಕಾದರೆ ಘನ ಮೀಟರಿಗೆ ಒಂದು ಗ್ರಾಂ ನೀರು ಮಾತ್ರ ಹೊತ್ತು ತಂದಿರುತ್ತದೆ, ತೇವಾಂಶ ಐದಾರಕ್ಕೆ ಇಳಿದಿರುತ್ತದೆ. ಅದನ್ನು 35ಕ್ಕೆ ಏರಿಸಲು ಘನ ಮೀಟರಿಗೆ ಇನ್ನೂ ಐದೂವರೆ ಗ್ರಾಂ ಬೇಕು. ಸಂದುಗೊಂದುಗಳಿಂದ ಗಂಟೆಗೆ ಅರ್ಧ ಕೋಣೆಯಷ್ಟು ಗಾಳಿ ಬದಲಾಗುತ್ತದೆ ಎಂದುಕೊಂಡರೆ ಗಂಟೆಗೆ 95 ಮಿಲೀ ಸಾಕು. ಒಂಬತ್ತು ಗಂಟೆಯ ರಾತ್ರಿಗೆ ಒಂದು ಲೀಟರೂ ಬೇಡ.

ಬಾಗಿಲು ತೆರೆದರೆ ಕಥೆಯೇ ಬೇರೆ. ಫರ್ನೇಸ್ ಫ್ಯಾನು ಇಡೀ ಮನೆಯ ಗಾಳಿಯನ್ನು ಎಳೆದು ತಿರುಗಿಸುತ್ತದೆ. ಮನೆ 200 ಘನ ಮೀಟರ್ ಇದ್ದರೆ ಇದೇ ಲೆಕ್ಕದಲ್ಲಿ ಗಂಟೆಗೆ ಅರ್ಧ ಲೀಟರ್ ದಾಟುತ್ತದೆ. ಅಡುಗೆ, ಸ್ನಾನ, ಉಸಿರು ಸೇರಿ ಒಂದಷ್ಟು ಕೊಡುತ್ತವೆ, ಆದರೂ ನಿಮ್ಮ 300 ಮಿಲೀ ಯಂತ್ರ ಸೋಲುತ್ತದೆ. ಅದು ರಾತ್ರಿಯಿಡೀ ಪೂರ್ಣ ವೇಗದಲ್ಲಿ ಓಡಿ, ಅಕ್ಕಪಕ್ಕದಲ್ಲಿ ಮಾತ್ರ ಒದ್ದೆ ಮಾಡಿ, ಉಳಿದದ್ದನ್ನು ಹಜಾರಕ್ಕೆ ಕಳಿಸುತ್ತದೆ. ಯಂತ್ರ ಕಿಟಕಿಯ ಕೆಳಗೇ ಇದ್ದರಂತೂ ಮಂಜು ನೇರ ಗಾಜಿಗೇ ಹೋಗುತ್ತದೆ.

ಆದ್ದರಿಂದ ಬಾಗಿಲು ಮುಚ್ಚಿ, ಬೇಬಿ ಮಾನಿಟರ್ ಇಡಿ. ಯಂತ್ರವನ್ನು ಒಳಗೋಡೆಯ ಕಡೆ, ಮೂರಡಿ ಎತ್ತರದ ಗಟ್ಟಿ ಮೇಜಿನ ಮೇಲಿಡಿ. ಕಾರ್ಪೆಟ್ ಮೇಲೆ ಬೇಡ. ವೇಗ ಕನಿಷ್ಠಕ್ಕೆ ಇರಲಿ. ಮೊದಲೆರಡು ದಿನ ಅಂಕಿ ಏರದಿದ್ದರೆ ಹೆದರಬೇಡಿ, ಒಣಗಿದ ಮರ, ಹಾಸಿಗೆ, ಗೋಡೆಯ ಜಿಪ್ಸಂ ಎಲ್ಲ ಮೊದಲು ತಮ್ಮ ಪಾಲು ಕುಡಿಯುತ್ತವೆ. ಮುಚ್ಚಿದ ಕೋಣೆಯಲ್ಲಿ ನಿಜವಾದ 32 ಸಿಕ್ಕರೆ ಮೂಗಿಗೆ ಎಷ್ಟೋ ವಾಸಿ. ಥರ್ಮೋಸ್ಟಾಟ್ ರಾತ್ರಿ 19ಕ್ಕೆ ಇಳಿಸಿದರೆ ಒಂದು ಹನಿ ನೀರು ಸೇರಿಸದೆಯೇ ಮೂರ್ನಾಲ್ಕು ಅಂಕಿ ಏರುತ್ತದೆ, ಅದನ್ನು ಯಾರೂ ಮಾಡುವುದಿಲ್ಲ!

---

ನೋಯ್ಡಾ ನಾಗ
ನಾನೂ ಇದೇ ಯಂತ್ರ ತರಿಸಬೇಕೆಂದಿದ್ದೆ. ಚಳಿಗಾಲದಲ್ಲಿ ಎರಡು ತಿಂಗಳು ಆಯಿಲ್ ಹೀಟರ್ ಓಡುತ್ತದೆ, ಅದು ಗಾಳಿಯ ನೀರನ್ನೆಲ್ಲ ಸುಟ್ಟುಬಿಡುತ್ತದೆ. ಸದ್ಯಕ್ಕೆ ಹೀಟರ್ ಪಕ್ಕ ಬೋಗುಣಿಯಲ್ಲಿ ನೀರು ಇಟ್ಟಿದ್ದೇನೆ.

---

ಫರ್ನೇಸ್ ಭಟ್ಟ
ಹೀಟರ್ ನೀರನ್ನು ಸುಡುವುದಿಲ್ಲ ಮಾರಾಯ್ರೆ. ನೀರು ಅಷ್ಟೇ ಇರುತ್ತದೆ, ಬಿಸಿ ಗಾಳಿಗೆ ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚುವುದರಿಂದ ಶೇಕಡಾ ಲೆಕ್ಕ ಇಳಿಯುತ್ತದೆ. ನಿಮ್ಮಲ್ಲಿ ಹೊರಗೆ ಮಂಜು ಕವಿದ 8 ಡಿಗ್ರಿ, 90 ತೇವಾಂಶ ಎಂದಿಟ್ಟುಕೊಳ್ಳಿ. ಆ ಗಾಳಿ 22ಕ್ಕೆ ಕಾದರೂ ಒಳಗೆ 35ರ ಮೇಲೆಯೇ ಉಳಿಯುತ್ತದೆ. ಜನ, ಅಡುಗೆ ಸೇರಿದರೆ ಇನ್ನೂ ಮೇಲೆ. ನಿಮಗೆ ಯಂತ್ರ ಬೇಕಿಲ್ಲ, ಮೊದಲು ಹೈಗ್ರೋಮೀಟರ್ ತಂದು ನೋಡಿ. ಇನ್ನು ಬೋಗುಣಿಯಿಂದ ಆರುವ ನೀರು ಲೆಕ್ಕಕ್ಕೇ ಬಾರದಷ್ಟು ಕಡಿಮೆ, ರಾತ್ರಿ ಕಾಲಿಗೆ ತಾಗಿ ಚೆಲ್ಲುವುದೇ ಹೆಚ್ಚು.

---

ನೋಯ್ಡಾ ನಾಗ
ಆದರೂ ಹೀಟರ್ ಹಚ್ಚಿದರೆ ಕಣ್ಣು ಉರಿಯುತ್ತದಲ್ಲ ಸರ್.

---

ಬಿಳಿಕೋಟು
ನೋಯ್ಡಾದ ಜನವರಿಯಲ್ಲಿ ಕಣ್ಣುರಿಗೆ ಹೊಗೆಯೇ ಸಾಕಲ್ಲವೇ? ಅದರ ಮೇಲೆ ಬೋರ್‌ವೆಲ್ ನೀರು ಹಾಕಿದ ಅಲ್ಟ್ರಾಸಾನಿಕ್ ಇಟ್ಟರೆ ಕೋಣೆಯೊಳಗೆ ಇನ್ನಷ್ಟು ಧೂಳು ನೀವೇ ಮಾಡಿದಂತೆ.

ಕಾವೇರಿತೀರ ಅವರ ಬಿಳಿ ಪುಡಿಗೂ ಅದೇ ಕಾರಣ. ಅಲ್ಟ್ರಾಸಾನಿಕ್ ಯಂತ್ರ ನೀರನ್ನು ಆವಿ ಮಾಡುವುದಿಲ್ಲ. ತಳದಲ್ಲಿರುವ ನಾಣ್ಯದಷ್ಟಗಲದ ಬಿಲ್ಲೆ ಅದುರಿ, ನೀರನ್ನು ಅತಿ ಸಣ್ಣ ಹನಿಗಳಾಗಿ ಚಿಮ್ಮಿಸುತ್ತದೆ. ಹನಿ ಗಾಳಿಯಲ್ಲಿ ಒಣಗಿದಾಗ ಅದರಲ್ಲಿದ್ದ ಸುಣ್ಣ, ಮೆಗ್ನೀಷಿಯಂ ನುಣ್ಣನೆಯ ಧೂಳಾಗಿ ತೇಲುತ್ತದೆ. ಪ್ಯೂರಿಫೈಯರ್ ಕೆಂಪಾಗುವುದು ಅದಕ್ಕೇ, ಅದು ಸುಳ್ಳು ಹೇಳುತ್ತಿಲ್ಲ. ನಿಮ್ಮ ಕಡೆ ಬರುವುದು ಮಿಷಿಗನ್ ಸರೋವರದ ನೀರಾದರೆ ಗಡಸುತನ ಲೀಟರಿಗೆ 140 ಮಿಲಿಗ್ರಾಂ ಆಸುಪಾಸು. ದಿನಕ್ಕೆ ಒಂದು ಲೀಟರ್ ಚಿಮ್ಮಿಸಿದರೆ ತಿಂಗಳಿಗೆ ಹತ್ತಿರಹತ್ತಿರ ಒಂದು ಟೀ ಚಮಚ ಪುಡಿ. ಹನಿಯೊಳಗೆ ಬ್ಯಾಕ್ಟೀರಿಯಾ ಇದ್ದರೆ ಅದೂ ಅದೇ ದಾರಿಯಲ್ಲಿ ಗಾಳಿಗೆ ಬರುತ್ತದೆ.

ಧಾರವಾಡದವರೇ, ಕುದಿಸಿದರೆ ಕ್ರಿಮಿ ಸಾಯುತ್ತದೆ, ಆದರೆ ಲವಣ ಎಲ್ಲಿಗೂ ಹೋಗುವುದಿಲ್ಲ. ಪಾತ್ರೆಯ ತಳಕ್ಕೆ ಅಂಟುವ ಒಂದಿಷ್ಟು ಬಿಟ್ಟರೆ ಉಳಿದದ್ದು ನೀರಲ್ಲೇ ಇರುತ್ತದೆ. ಜಗ್ಗಿನ ಇದ್ದಿಲು ಫಿಲ್ಟರ್ ಕ್ಲೋರಿನ್ನನ್ನು ತೆಗೆದುಬಿಡುತ್ತದೆ, ಆಗ ಟ್ಯಾಂಕಿನಲ್ಲಿ ಪಾಚಿ ಇನ್ನೂ ಬೇಗ ಕಟ್ಟುತ್ತದೆ. ಅಲ್ಟ್ರಾಸಾನಿಕ್‌ಗೆ ಡಿಸ್ಟಿಲ್ಡ್ ನೀರೇ ಸರಿ. ಮನೆಯಲ್ಲಿ ಆರ್‌ಒ ಇದ್ದರೆ ಅದೂ ನಡೆಯುತ್ತದೆ.

---

ಧಾರವಾಡದಾಂವ
ಕುದಿಸೂ ವಿಷಯ ಒಪ್ಪಿದ್ಯಾ. ಆದ್ರ ದಿನಾ ಡಿಸ್ಟಿಲ್ಡ್ ನೀರು ಅಂದ್ರ ಕ್ಯಾನ್ ಹೊತ್ತು ಹೊತ್ತು ಸೊಂಟ ಹೋಗ್ತದ್ರಿ! ಬತ್ತಿ ಇರೂ ಯಂತ್ರಕ್ಕ ನಲ್ಲಿ ನೀರು ನಡೀತದಲ್ಲ?

---

ಫರ್ನೇಸ್ ಭಟ್ಟ
ನಡೆಯುತ್ತದೆ. ಬತ್ತಿಯ ಮೂಲಕ ಫ್ಯಾನು ಗಾಳಿ ಎಳೆಯುವ ಯಂತ್ರದಲ್ಲಿ ನೀರು ನಿಜವಾಗಿ ಆವಿಯಾಗುತ್ತದೆ, ಲವಣ ಬತ್ತಿಯಲ್ಲೇ ಉಳಿಯುತ್ತದೆ. ಕೋಣೆ ಒದ್ದೆಯಾದಂತೆ ತಾನಾಗಿಯೇ ನಿಧಾನವಾಗುತ್ತದೆ, ಹಾಗಾಗಿ ಕಿಟಕಿಗೆ ಹೊಡೆತ ಕಡಿಮೆ. ಕಿರಿಕಿರಿ ಎಂದರೆ ಫ್ಯಾನಿನ ಸದ್ದು, ಮತ್ತು ಬತ್ತಿಯ ಖರ್ಚು. ಗಡಸು ನೀರಲ್ಲಿ ಬತ್ತಿ ಒಂದೆರಡು ತಿಂಗಳಲ್ಲಿ ಹಪ್ಪಳದಂತೆ ಗಟ್ಟಿಯಾಗುತ್ತದೆ. ನೀರಿನ ಮಟ್ಟ ಇಳಿಯುವುದು ನಿಧಾನವಾಯಿತು, ಹುಳಿ ವಾಸನೆ ಬಂತು ಎಂದರೆ ಬದಲಿಸುವ ಕಾಲ. ಅರ್ಧ ಒದ್ದೆಯ ಬತ್ತಿಯನ್ನು ವಾರಗಟ್ಟಲೆ ಯಂತ್ರದಲ್ಲೇ ಬಿಟ್ಟು ಊರಿಗೆ ಹೋಗಬೇಡಿ.

ನೀರು ಕುದಿಸುವ ಬಗೆಯೂ ಇದೆ. ಅದರಿಂದ ಕ್ರಿಮಿ ಬರುವುದಿಲ್ಲ, ಆದರೆ ಮಗು ಓಡಾಡುವ ಕೋಣೆಯಲ್ಲಿ ಕುದಿನೀರು ಬೇಡ. ಕರೆಂಟು ಲೀಟರಿಗೆ ಮುಕ್ಕಾಲು ಯೂನಿಟ್ ತಿನ್ನುತ್ತದೆ. ಉಳಿದೆರಡು ಯಂತ್ರಗಳು ಕರೆಂಟು ಉಳಿಸುತ್ತವೆ ಎನ್ನುತ್ತಾರೆ, ಆದರೆ ನೀರು ಆರಲು ಬೇಕಾದ ಶಾಖವನ್ನು ಅವು ಕೋಣೆಯಿಂದ ಕದಿಯುತ್ತವೆ, ಅದನ್ನು ಫರ್ನೇಸ್ ತುಂಬಿಕೊಡಬೇಕು.

---

ಕಾವೇರಿತೀರ
ಈಗಿರುವ ಯಂತ್ರವನ್ನೇ ಬಾಗಿಲು ಮುಚ್ಚಿ, ಡಿಸ್ಟಿಲ್ಡ್ ನೀರಲ್ಲಿ ಓಡಿಸುತ್ತೇನೆ. ದಿನಕ್ಕೆ ಒಂದು ಲೀಟರ್ ಆದರೆ ಒಂದು ಗ್ಯಾಲನ್ ಕ್ಯಾನ್ ನಾಲ್ಕು ರಾತ್ರಿ ಬರುತ್ತದೆ, ಪರವಾಗಿಲ್ಲ. ತೊಳೆಯುವುದು ಹೇಗೆ? ಟ್ಯಾಂಕಿನ ಮೂಲೆಯಲ್ಲಿ ಗುಲಾಬಿ ಬಣ್ಣದ ಜಾರುವ ಪದರ ಕಂಡಿದೆ. ನೀರಿಗೇ ಎರಡು ಹನಿ ಸೋಂಕುನಾಶಕ ಬೆರೆಸಿದರೆ ರಗಳೆ ಇರುವುದಿಲ್ಲ ಎಂದು ಒಬ್ಬರು ಹೇಳಿದರು.

---

ಬಿಳಿಕೋಟು
ಕೊನೆಯದನ್ನು ಖಂಡಿತ ಮಾಡಬೇಡಿ. ದಕ್ಷಿಣ ಕೊರಿಯಾದಲ್ಲಿ 1994ರಿಂದ ಹ್ಯುಮಿಡಿಫೈಯರ್ ನೀರಿಗೆ ಬೆರೆಸುವ ಸೋಂಕುನಾಶಕಗಳನ್ನು ಅಂಗಡಿಯಲ್ಲೇ ಮಾರುತ್ತಿದ್ದರು. ಮುಟ್ಟಿದರೆ ಏನೂ ಆಗದ ರಾಸಾಯನಿಕ, ಮಂಜಾಗಿ ಶ್ವಾಸಕೋಶಕ್ಕೆ ಹೋದಾಗ ಜನರನ್ನು ಕೊಂದಿತು. ಸತ್ತವರಲ್ಲಿ ಮಕ್ಕಳು, ಗರ್ಭಿಣಿಯರೂ ಇದ್ದರು. ಕಾರಣ ಗೊತ್ತಾದದ್ದು 2011ರಲ್ಲಿ. ಯಂತ್ರ ಓಡುವಾಗ ಟ್ಯಾಂಕಿನಲ್ಲಿ ಬರೀ ನೀರಿರಬೇಕು, ಅಷ್ಟೇ.

ಗುಲಾಬಿ ಪದರ ಬ್ಯಾಕ್ಟೀರಿಯಾದ ಲೋಳೆ. ನೀರು ಎರಡು ದಿನ ನಿಂತರೆ ಕಟ್ಟುತ್ತದೆ. ಡಿಸ್ಟಿಲ್ಡ್ ನೀರಿನಲ್ಲೂ ಕಟ್ಟುತ್ತದೆ, ಅದರಲ್ಲಿ ಕ್ಲೋರಿನ್ ಕೂಡ ಇಲ್ಲವಲ್ಲ.

ದಿನದ ಕೆಲಸ ಎರಡೇ ನಿಮಿಷದ್ದು. ಬೆಳಿಗ್ಗೆ ಪ್ಲಗ್ ತೆಗೆದು, ಟ್ಯಾಂಕಿನ ನೀರನ್ನೂ ತಳದ ಬಟ್ಟಲಿನ ನೀರನ್ನೂ ಚೆಲ್ಲಿ. ಜನ ಟ್ಯಾಂಕ್ ಖಾಲಿ ಮಾಡಿ ಬಟ್ಟಲನ್ನು ಮರೆಯುತ್ತಾರೆ, ಲೋಳೆ ಹುಟ್ಟುವುದು ಅಲ್ಲೇ. ಒಣಬಟ್ಟೆಯಲ್ಲಿ ಒರೆಸಿ, ಮುಚ್ಚಳ ತೆಗೆದು ಹಗಲು ಆರಲು ಬಿಡಿ. ರಾತ್ರಿ ಹೊಸ ನೀರು. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ.

ಮೂರು ದಿನಕ್ಕೊಮ್ಮೆ ವಿನೆಗರ್. ಬಿಳಿ ವಿನೆಗರನ್ನು ನೀರು ಬೆರೆಸದೆ ತಳದ ಬಟ್ಟಲಿಗೆ ಬಿಲ್ಲೆ ಮುಳುಗುವಷ್ಟು ಹಾಕಿ, 20 ನಿಮಿಷ ಬಿಡಿ. ಸುಣ್ಣ ಇದ್ದರೆ ಸಣ್ಣ ಗುಳ್ಳೆ ಏಳುತ್ತದೆ. ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಮೂಲೆ ಉಜ್ಜಿ. ಬಿಲ್ಲೆಯನ್ನು ಹತ್ತಿ ಕಡ್ಡಿಯಿಂದಲೇ ಒರೆಸಿ, ಚಾಕು, ಉಕ್ಕಿನ ನಾರು ತಾಗಿಸಿದರೆ ಗೀರು ಬಿದ್ದು ಮಂಜು ಬರುವುದೇ ನಿಲ್ಲುತ್ತದೆ. ಟ್ಯಾಂಕಿಗೂ ಒಂದು ಲೋಟ ವಿನೆಗರ್ ಹಾಕಿ ಕುಲುಕಿ, ಆಗಾಗ ಮಗ್ಗುಲು ಬದಲಿಸಿ. ತಳಭಾಗವನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ಲೋಟದಿಂದ ನೀರು ಹಾಕಿ, ಗಾಳಿ ಬರುವ ತೂತಿನ ಎದುರುಬದಿಗೆ ಬಾಗಿಸಿ ಚೆಲ್ಲಿ. ತೂತಿಗೆ ನೀರು ಹೋದರೆ ಒಳಗಿನ ಫ್ಯಾನು ಸುಡುತ್ತದೆ.

ವಿನೆಗರ್ ಸುಣ್ಣಕ್ಕೆ ಮದ್ದು, ಎಲ್ಲ ಕ್ರಿಮಿಗೂ ಅಲ್ಲ. ಲೋಳೆ ಕಂಡಾಗ, ಹಾಗೆಯೇ ವಾರಕ್ಕೊಮ್ಮೆ, ವಿನೆಗರ್ ಪೂರ್ತಿ ತೊಳೆದಾದ ಮೇಲೆ ಬ್ಲೀಚ್ ನೀರು ಬಳಸಿ. 4 ಲೀಟರ್ ನೀರಿಗೆ ಒಂದು ಟೀ ಚಮಚ ವಾಸನೆರಹಿತ ಬ್ಲೀಚ್. ಯಂತ್ರ ಆರಿಸಿಯೇ ಇಟ್ಟು 20 ನಿಮಿಷ ನೆನೆಸಿ, ವಾಸನೆ ಹೋಗುವವರೆಗೆ ತೊಳೆದು ಒಣಗಿಸಿ. ವಿನೆಗರೂ ಬ್ಲೀಚೂ ಒಂದೇ ಪಾತ್ರೆಯಲ್ಲಿ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಈ ಎರಡು ಕೆಲಸವನ್ನು ಬೇರೆ ಬೇರೆ ದಿನ ಮಾಡಿದರೆ ಇನ್ನೂ ಒಳ್ಳೆಯದು.

---

ಫರ್ನೇಸ್ ಭಟ್ಟ
ಬ್ಲೀಚ್ ಬದಲು 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡ್ ನನಗೆ ಹಿತ. ವಾಸನೆ ಉಳಿಯುವುದಿಲ್ಲ.

---

ಬಿಳಿಕೋಟು
ಅದೂ ಆಗುತ್ತದೆ, ಅದನ್ನೂ ವಿನೆಗರ್ ಜೊತೆ ಬೆರೆಸಬೇಡಿ. ದಪ್ಪಗೆ ಕಟ್ಟಿದ ಲೋಳೆಗೆ ನಾನು ಬ್ಲೀಚನ್ನೇ ನಂಬುತ್ತೇನೆ. ಎರಡರಲ್ಲೂ ಮೊದಲು ಉಜ್ಜದಿದ್ದರೆ ಪ್ರಯೋಜನವಿಲ್ಲ.

---

ಸಂಪಿಗೆ ರಸ್ತೆ
ಹಾಗಾದರೆ ಬೆಂಗಳೂರಿಗೆ ಈ ಯಂತ್ರ ಬೇಕೋ ಬೇಡವೋ?

---

ಫರ್ನೇಸ್ ಭಟ್ಟ
ಬೇಡಮ್ಮ. ಅಲ್ಲಿ ಮನೆಗೆ ಬಿಸಿಗಾಳಿ ಊದುವವರಿಲ್ಲ, ಜನವರಿಯ ರಾತ್ರಿಯಲ್ಲೂ ಗಾಳಿಯಲ್ಲಿ ಸಾಕಷ್ಟು ತೇವ ಇರುತ್ತದೆ. ಮೇಲಿಂದ ಸೇರಿಸಿದರೆ ಬೀರುವಿನ ಹಿಂದಿನ ಗೋಡೆಗೆ ಬೂಷ್ಟು ಹಿಡಿಯುತ್ತದೆ.

---

ಧಾರವಾಡದಾಂವ
ಒಂದು ಮಾತು ಇನ್ನೂ ಒಪ್ಪಂಗಿಲ್ರಿ ಭಟ್ರ. 30ರಾಗ ಕಿಟಕಿ ಉಳೀತದ ಖರೆ, ಆದ್ರ ವೈರಸ್ ವಿಷಯಕ್ಕ 30 ಸಾಲೂದಿಲ್ಲ. ಕಿಟಕೀಗೆ ಪ್ಲಾಸ್ಟಿಕ್ ಹಾಳಿ ಅಂಟಿಸಿ 40ಕ್ಕ ಏರಿಸಬಹುದಲ್ಲ?

---

ಫರ್ನೇಸ್ ಭಟ್ಟ
ಹಾಳೆ ಸುತ್ತಲೂ ಬಿಗಿಯಾಗಿ ಅಂಟಿದ್ದರೆ ನಾಲ್ಕೈದು ಅಂಕಿ ಏರಿಸಬಹುದು. ಅಂಚು ಎಲ್ಲಾದರೂ ಬಿಟ್ಟರೆ ತೇವ ಹಾಳೆಯ ಹಿಂದೆ ಸೇರಿ ಅಲ್ಲೇ ಹೆಪ್ಪುಗಟ್ಟುತ್ತದೆ, ಒರೆಸಲೂ ಆಗುವುದಿಲ್ಲ. ಹೊರಗೋಡೆಯ ಒಳಗೆ ಕಾಣದ ಕಡೆ ನೀರು ಕೂರುವುದನ್ನು ಹಾಳೆ ತಡೆಯುವುದಿಲ್ಲ, ನನ್ನ ಭಯ ಅದೇ. ಬಾಡಿಗೆ ಮನೆಯಲ್ಲಿ ನಾನು 40ಕ್ಕೆ ಹೋಗುವುದಿಲ್ಲ, ನೀವು ಹೋಗುತ್ತೀರಾದರೆ ತಿಂಗಳಿಗೊಮ್ಮೆ ಹೊರಗೋಡೆಗೆ ತಾಗಿದ ಕಪಾಟು ಸರಿಸಿ ಹಿಂದೆ ಮುಟ್ಟಿ ನೋಡಿ.

---

ಕಾವೇರಿತೀರ
ಉಪ್ಪಿನ ಪರೀಕ್ಷೆ ಮಾಡಿದೆ, ಹೈಗ್ರೋಮೀಟರ್ 72 ತೋರಿಸಿತು, ಅಂದರೆ ಮೂರು ಕಡಿಮೆ. ಬಾಗಿಲು ತೆರೆದಿದ್ದಾಗ ಮಂಚದ ಬಳಿ ಸಿಕ್ಕಿದ್ದು 24. ಯಂತ್ರ ಆಗಲೂ 55 ಎನ್ನುತ್ತಿತ್ತು! ಮುಚ್ಚಿ, ಕನಿಷ್ಠ ವೇಗದಲ್ಲಿ ಓಡಿಸಿದರೆ ಬೆಳಿಗ್ಗೆ 33. ಗಾಜಿನ ಕೆಳಗೆ ತೆಳು ಮಸುಕು ಮಾತ್ರ, ನೀರು ನಿಂತಿಲ್ಲ. ಚೌಕಟ್ಟಿನ ಕಪ್ಪು ಚುಕ್ಕೆಗೆ ಏನು ಮಾಡಲಿ?

---

ಬಿಳಿಕೋಟು
ಸಾಬೂನು ನೀರಲ್ಲಿ ಉಜ್ಜಿ, ಒರೆಸಿ, ಪೂರ್ತಿ ಒಣಗಿಸಿ. ಸಿಲಿಕೋನ್ ಅಂಟಿನ ಒಳಕ್ಕೆ ಇಳಿದಿದ್ದರೆ ಉಜ್ಜಿದರೆ ಹೋಗುವುದಿಲ್ಲ, ಆ ಪಟ್ಟಿಯನ್ನು ಕಿತ್ತು ಹೊಸದು ಹಾಕಬೇಕು. ಅದನ್ನು ಮನೆ ಮಾಲೀಕರಿಗೆ ಫೋಟೋ ಸಮೇತ ಈಗಲೇ ಬರೆದು ತಿಳಿಸಿ.